26 ದಿನದಲ್ಲಿ ಮನೆ ಖಾಲಿ ಮಾಡ್ಬೇಕು: ಫ್ರಿಜ್, ಎಸಿ, ಮಂಚಕ್ಕೆ ಎಷ್ಟು ರೇಟು ಹೇಳೋದು?

ಮೂರನೇ_ಮಹಡಿ
ನಮಸ್ಕಾರ. ಕುಟುಂಬ ಸಮೇತ ಮ್ಯೂನಿಕ್‌ಗೆ ಹೊರಡ್ತಿದೀವಿ, ವಿಮಾನಕ್ಕೆ ಇನ್ನು 26 ದಿನ. ರಾಜಾಜಿನಗರದಲ್ಲಿ ಬಾಡಿಗೆ ಫ್ಲ್ಯಾಟು, ಮೂರನೇ ಮಹಡಿ, ಲಿಫ್ಟ್ ಇದೆ. ಮಾರೋಕೆ ಇರೋದು ಇಷ್ಟು:

ಡಬಲ್ ಡೋರ್ ಫ್ರಿಜ್ 260 ಲೀಟರ್, 6 ವರ್ಷ, ತಗೊಂಡಾಗ 26,500. ಫ್ರಂಟ್ ಲೋಡ್ ವಾಷಿಂಗ್ ಮಷೀನ್ 7 ಕೆಜಿ, 5 ವರ್ಷ, 31,000. ಒಂದೂವರೆ ಟನ್ ಇನ್ವರ್ಟರ್ ಎಸಿ, 4 ವರ್ಷ, 42,000. ಬಟ್ಟೆ ಸೋಫಾ 3+2, 5 ವರ್ಷ, 45,000. ಮೂರು ಬಾಗಿಲ ವಾರ್ಡ್‌ರೋಬ್, 4 ವರ್ಷ, 24,000. ಯುಪಿಎಸ್ ಮತ್ತೆ 150 ಎಎಚ್ ಬ್ಯಾಟರಿ, 3 ವರ್ಷ. ಆಚಾರಿ ಹತ್ರ ಮಾಡಿಸಿದ ತೇಗದ ಮಂಚ, 12 ವರ್ಷ, ಬಿಲ್ ಇಲ್ಲ.

ಬಿಲ್ಲಿನ ಅರ್ಧ ರೇಟು ಹಾಕಿ ಆನ್‌ಲೈನ್‌ನಲ್ಲಿ ಬಿಟ್ಟೆ. ನಾಲ್ಕು ದಿನ ಆಯ್ತು, "ಇದೆಯಾ?" ಅನ್ನೋ ಮೆಸೇಜ್ ಬಿಟ್ರೆ ಏನೂ ಇಲ್ಲ. ಹಳೇ ಸಾಮಾನು ಅಂಗಡಿಯವರು ಬಂದು ನೋಡಿ ಎಲ್ಲಾ ಸೇರಿ 34,000 ಅಂದ್ರು. ಸರಿಯಾದ ರೇಟು ಕಟ್ಟೋದು ಹೇಗೆ?

ಲೆಕ್ಕದ_ಮೇಷ್ಟ್ರು
ಇದಕ್ಕೆ ಯೋಚನೆ ಯಾಕೆ? ಆದಾಯ ತೆರಿಗೆ ಸವಕಳಿ ದರ ಇದೆಯಲ್ಲ. ಯಂತ್ರಗಳಿಗೆ ವರ್ಷಕ್ಕೆ 15%, ಪೀಠೋಪಕರಣಕ್ಕೆ 10%, ಪ್ರತಿ ವರ್ಷ ಉಳಿದ ಮೊತ್ತದ ಮೇಲೆ ಕಳೀತಾ ಹೋಗಿ. 5 ವರ್ಷದ ವಾಷಿಂಗ್ ಮಷೀನ್ 31,000ಕ್ಕೆ ಸುಮಾರು 13,750 ಉಳಿಯುತ್ತೆ. ಸೋಫಾ 45,000ಕ್ಕೆ 26,500. ಒಂದು ರೂಪಾಯಿ ಕಮ್ಮಿ ಕೊಡಬೇಡಿ.

ಧಾರವಾಡ_ಫೇಡಾ
ಮೇಷ್ಟ್ರ, ಐದ ವರ್ಷದ ಅರಬಿ ಸೋಫಾಕ್ಕ 26,500 ಕೊಡಾಂವ ಸಿಕ್ರ ನಮ್ಮನೀಗೂ ಕಳಸ್ರಿ. ನಾ ಎರಡು ಸೋಫಾ ಇಟ್ಕೊಂಡ ಕುಂತೀನಿ.

ಸ್ಕ್ರೂಡ್ರೈವರ್_ಸ್ವಾಮಿ
ಮೇಷ್ಟ್ರ ಲೆಕ್ಕ ಕಂಪನಿ ಪುಸ್ತಕಕ್ಕೆ ಸರಿ, ಸಂತೆಗಲ್ಲ. ಪುಸ್ತಕದಲ್ಲಿ ಪೀಠೋಪಕರಣ ನಿಧಾನಕ್ಕೆ ಸವೆಯುತ್ತೆ. ಸೆಕೆಂಡ್ ಹ್ಯಾಂಡ್ ಸಂತೆಯಲ್ಲಿ ಬಟ್ಟೆ ಸೋಫಾ, ಪಾರ್ಟಿಕಲ್ ಬೋರ್ಡ್ ವಾರ್ಡ್‌ರೋಬುಗಳೇ ಎಲ್ಲಕ್ಕಿಂತ ಬೇಗ ಬೀಳೋದು.

ಮೊದಲು ಆ ಬಿಲ್ಲನ್ನ ಬದಿಗಿಡಿ. ತಗೊಳ್ಳೋರಿಗೆ ನೀವು ಎಷ್ಟು ಕೊಟ್ರಿ ಅನ್ನೋದು ಬೇಕಿಲ್ಲ. ಅದೇ ಅಳತೆಯ ಹೊಸದು ಇವತ್ತು ಆಫರಲ್ಲಿ ಎಷ್ಟಕ್ಕೆ ಬರುತ್ತೆ ಅಂತ ನೋಡ್ತಾರೆ. ನಿಮ್ಮ ಎಸಿ ತಗೊಳ್ಳಿ. ಆಗ ಜಿಎಸ್‌ಟಿ 28% ಇತ್ತು, 2025ರ ಸೆಪ್ಟೆಂಬರ್ 22ರಿಂದ 18% ಆಗಿದೆ. ಮೂಲ ಬೆಲೆ ಒಂದು ಪೈಸೆ ಬದಲಾಗದಿದ್ರೂ ನಿಮ್ಮ 42,000ದ ಎಸಿ ಈಗ 38,700 ಆಗುತ್ತೆ. ಆಫರ್ ಸೇರಿದ್ರೆ 36,000 ಅಂತ ಇಟ್ಕೊಳ್ಳಿ.

ಈಗ ತಗೊಳ್ಳೋರ ಜಾಗದಲ್ಲಿ ನಿಂತು ಲೆಕ್ಕ ಹಾಕಿ. ಹೊಸ ಎಸಿ 36,000, ಫಿಟ್ಟಿಂಗ್ 1,500, ಒಟ್ಟು 37,500. ನಾಲ್ಕು ವರ್ಷ ಓಡಿದ್ದಕ್ಕೆ ಅರ್ಧಕ್ಕಿಂತ ಜಾಸ್ತಿ ಯಾರೂ ಹೋಗಲ್ಲ, ಅಂದ್ರೆ ಎಲ್ಲಾ ಖರ್ಚು ಸೇರಿ ಅವರ ಜೇಬಿಂದ ಹೋಗಬೇಕಾದ್ದು 18,750. ಅದರಲ್ಲಿ ಬಿಚ್ಚೋಕೆ 800, ಟೆಂಪೋ 1,000, ಮತ್ತೆ ಹಾಕೋಕೆ 1,500. ಉಳಿದಿದ್ದು 15,450. ನಿಮ್ಮ ಎಸಿ ರೇಟು ಅದೇ. 17,000 ಅಂತ ಹಾಕಿ, 15,000ಕ್ಕೆ ಬಿಡಿ. ನೀವು 21,000 ಹಾಕಿದೀರಿ, ಅದಕ್ಕೇ ಫೋನಿಲ್ಲ.

ಮಿಕ್ಕಿದ್ದಕ್ಕೂ ಇದೇ ದಾರಿ. ಓಡ್ತಿರೋ ಯಂತ್ರಕ್ಕೆ ನಾನು ಹಿಡಿಯೋದು ಇವತ್ತಿನ ಹೊಸ ಬೆಲೆಯಲ್ಲಿ 4 ವರ್ಷಕ್ಕೆ ಅರ್ಧ, 5ಕ್ಕೆ 40%, 6ಕ್ಕೆ 35%. ಆಮೇಲೆ ಸಾಗಿಸೋ ಖರ್ಚು ಕಳೀಬೇಕು. ನಿಮ್ಮ ಫ್ರಿಜ್ ಈಗ ಹೊಸದು 26,000 ಆದ್ರೆ 9,100, ಟೆಂಪೋ ಕಳೆದು 8,000 ಚಿಲ್ಲರೆ. ಬೇರೆ ಊರಲ್ಲಿ, ಬೇರೆ ಬ್ರ್ಯಾಂಡಿಗೆ ಒಂದೆರಡು ಸಾವಿರ ಆಚೀಚೆ ಆಗುತ್ತೆ. ಆದ್ರೂ ಬಿಲ್ಲಿನ ಅರ್ಧಕ್ಕಿಂತ ಇದು ನಿಜಕ್ಕೆ ಹತ್ತಿರ.

ಲೆಕ್ಕದ_ಮೇಷ್ಟ್ರು
15% ಸವಕಳಿ ಹಾಕಿದ್ರೂ 5 ವರ್ಷಕ್ಕೆ 44% ಬರುತ್ತೆ, ನೀವು 40% ಅಂದ್ರಿ. ಬಹಳ ದೂರ ಇಲ್ಲವಲ್ಲ ಸ್ವಾಮಿ. ಯಂತ್ರಗಳ ಮಟ್ಟಿಗೆ ನಾನು ಹೇಳಿದ್ದು ತಪ್ಪಲ್ಲ.

ಸ್ಕ್ರೂಡ್ರೈವರ್_ಸ್ವಾಮಿ
ಯಂತ್ರಕ್ಕೆ ಒಪ್ಪಿದೆ. ಆದ್ರೆ ನೀವು ಶುರು ಮಾಡಿದ್ದು ಹಳೇ ಬಿಲ್ಲಿಂದ, ಸಾಗಾಟ ಕಳೀಲಿಲ್ಲ. ಸೋಫಾ ಮಾತ್ರ ವಾಪಸ್ ತಗೊಳ್ಳಿ.

ಕಡಲತಡಿ
ಎಸಿಯನ್ನು ಹೊರಗಿನವರಿಗೆ ಯಾಕೆ ಮಾರುವುದು ಮಾರಾಯ್ರೆ? ಮನೆ ಓನರಿಗೆ ಅಥವಾ ನಿಮ್ಮ ನಂತರ ಬರುವ ಬಾಡಿಗೆದಾರರಿಗೆ ಕೇಳಿ. ಬಿಚ್ಚುವುದು, ಟೆಂಪೋ, ಮತ್ತೆ ಹಾಕುವುದು ಅಂತ ಸ್ವಾಮಿಯವರು ಕಳೆದ 3,300 ಉಂಟಲ್ಲ, ಅದು ಯಾರಿಗೂ ಖರ್ಚಾಗುವುದಿಲ್ಲ. ನೀವು 16,500 ಹೇಳಿದರೂ ಅವರಿಗೆ ಲಾಭವೇ. ಗೋಡೆಯ ತೂತು ಮುಚ್ಚಿಸಿಕೊಡುವ ರಗಳೆಯೂ ಇಲ್ಲ. ಗೀಸರ್, ನೀರಿನ ಫಿಲ್ಟರ್, ಪರದೆ ಸರಳು, ಹೀಗೆ ಗೋಡೆಗೆ ಹೊಡೆದದ್ದು ಎಲ್ಲದಕ್ಕೂ ಇದೇ ಮಾತು.

ಮೂರನೇ_ಮಹಡಿ
ಇದು ಹೊಳೆದೇ ಇರಲಿಲ್ಲ. ಓನರ್‌ಗೆ ಇವತ್ತೇ ಕೇಳ್ತೀನಿ. ಹಾಗೇ ಒಂದು ಡೌಟು: ಎರಡು ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ಇದೆ. ಅದಕ್ಕೆಷ್ಟು ಹಾಕಲಿ?

ಕಡಲತಡಿ
ಅದು ಮಾರುವಂಥದ್ದಲ್ಲ. ಸಿಲಿಂಡರ್ ಕಂಪನಿಯದ್ದು, ನೀವು ಕೊಟ್ಟದ್ದು ಡೆಪಾಸಿಟ್ ಮಾತ್ರ. ಕನೆಕ್ಷನ್ ತೆಗೆದುಕೊಳ್ಳುವಾಗ ಕೊಟ್ಟ ಚೀಟಿ, ಎಸ್‌ವಿ ಅಂತಾರಲ್ಲ, ಅದನ್ನು ಹುಡುಕಿ ಸಿಲಿಂಡರ್, ರೆಗ್ಯುಲೇಟರ್ ಸಮೇತ ಏಜೆನ್ಸಿಗೆ ಒಪ್ಪಿಸಿ. ಚೀಟಿಯಲ್ಲಿ ಬರೆದಷ್ಟು ಡೆಪಾಸಿಟ್ ವಾಪಸ್ ಬರ್ತದೆ. ಒಲೆ ಮಾತ್ರ ನಿಮ್ಮದು, ಅದನ್ನು ಮಾರಬಹುದು.

ಜಯನಗರ_4ನೇ_ಬ್ಲಾಕ್
ನಾವೂ ಮುಂದಿನ ತಿಂಗಳು ಮನೆ ಬದಲಾಯಿಸ್ತಿದೀವಿ, ಜಯನಗರದಿಂದ ಕೆಂಗೇರಿಗೆ. ಪ್ಯಾಕರ್ಸ್ ಮೂವರ್ಸ್ ಯಾರು ಚೆನ್ನಾಗಿದಾರೆ, ಎಷ್ಟಾಗುತ್ತೆ?

ಧಾರವಾಡ_ಫೇಡಾ
ಅಕ್ಕಾರ, ಅವ್ರು ಮಾರಾಕ ಹೊಂಟಾರ, ಒಯ್ಯಾಕ ಅಲ್ಲ.

ಹಳೇ_ಕಿಟಕಿ
ಅಂಗಡಿಯವರ 34,000 ಬಗ್ಗೆ ಯಾರೂ ಮಾತಾಡ್ತಿಲ್ಲ. ನನಗೆ ಈ ಇಡೀ ಪ್ರಶ್ನೆಯಲ್ಲಿ ಮುಖ್ಯ ಅನ್ನಿಸೋದು ಅದೇ.

"ಎಲ್ಲಾ ಸೇರಿ ಇಷ್ಟು" ಅಂದಾಗ ಸುಮ್ಮನಾಗಬೇಡಿ. ಒಂದೊಂದಕ್ಕೆ ಎಷ್ಟು ಅಂತ ಬಿಡಿಸಿ ಕೇಳಿ, ಅವರ ಎದುರೇ ಬರ್ಕೊಳ್ಳಿ. "ಕೆಲವು ಸಾಮಾನು ನೆಂಟರು ತಗೋಬಹುದು, ಅದನ್ನ ಬಿಟ್ಟರೆ ಎಷ್ಟಾಗುತ್ತೆ?" ಅಂದ್ರೆ ಬಿಡಿಸಿ ಹೇಳ್ತಾರೆ. ಆ ಪಟ್ಟಿ ಕೈಗೆ ಬಂದ್ರೆ ಯಾವುದನ್ನ ಅವಸರದಲ್ಲಿ ಮಾರಬೇಕು, ಯಾವುದಕ್ಕೆ ಕಾಯಬಹುದು ಅಂತ ತಾನಾಗೇ ಗೊತ್ತಾಗುತ್ತೆ.

ಮೂರನೇ_ಮಹಡಿ
ಫೋನ್ ಮಾಡಿ ಬಿಡಿಸಿ ಕೇಳಿದೆ. ಎಸಿ 10,000. ಮಂಚ 9,000. ಫ್ರಿಜ್ 5,500. ವಾಷಿಂಗ್ ಮಷೀನ್ 5,000. ಯುಪಿಎಸ್ ಬ್ಯಾಟರಿ 3,500. ಸೋಫಾ 1,000. ವಾರ್ಡ್‌ರೋಬ್‌ಗೆ "ಬೇಕಾದ್ರೆ ಎತ್ಕೊಂಡು ಹೋಗ್ತೀವಿ ಸಾರ್" ಅಂದ್ರು, ಅಂದ್ರೆ ಸೊನ್ನೆ.

ಹಳೇ_ಕಿಟಕಿ
ನೋಡಿದ್ರಾ. ಈಗ ಸ್ವಾಮಿಯವರ ರೇಟನ್ನ ಇದರ ಪಕ್ಕದಲ್ಲಿಟ್ಟು ನೋಡಿ. ಫ್ರಿಜ್‌ಗೆ ಗಿರಾಕಿ 8,000 ಕೊಡ್ತಾರೆ, ಅಂಗಡಿ 5,500. ಕೊನೇ ದಿನದವರೆಗೂ ಮಾರದೆ ಉಳಿದ್ರೂ ನಿಮಗೆ ಹೋಗೋದು 2,500. ಸೋಫಾ ಹೊರಗೆ 9,000ಕ್ಕೆ ಹೋಗಬಹುದು, ಅಂಗಡಿಯಲ್ಲಿ 1,000. ಉಳಿದ್ರೆ 8,000 ಹೋಯ್ತು. ಹಾಗಾಗಿ ಮೊದಲ ವಾರದ ಓಡಾಟವೆಲ್ಲ ಸೋಫಾ, ವಾರ್ಡ್‌ರೋಬ್ ಮೇಲಿರಲಿ. ಅವುಗಳ ರೇಟನ್ನೇ ಬೇಗ ಬೇಗ ಇಳಿಸಿ. ಎರಡು ದಿನದಲ್ಲಿ ನೋಡೋಕೆ ಒಬ್ಬರೂ ಬರದಿದ್ರೆ 15% ಕಮ್ಮಿ ಮಾಡಿ, ಮತ್ತೆ ಎರಡು ದಿನಕ್ಕೆ ಇನ್ನೊಂದು 15%. ಸೋಫಾ 10,000ಕ್ಕೆ ಶುರು ಮಾಡಿದ್ರೆ 8,500, ಆಮೇಲೆ 7,200. ಎಸಿ, ಫ್ರಿಜ್ ರೇಟನ್ನ ಕೊನೇ ವಾರದ ತನಕ ಮುಟ್ಟಬೇಡಿ, ಕೆಳಗೆ ಬೀಳದ ಹಾಗೆ ಅಂಗಡಿಯ ರೇಟೇ ತಳ ಹಿಡಿದಿದೆ.

ಎಲ್ಲರೂ ಮಾಡೋದು ಇದರ ಉಲ್ಟಾ. ಫ್ರಿಜ್ ಬೇಗ ಹೋಗುತ್ತೆ ಅಂತ ಖುಷಿಯಿಂದ ಅದನ್ನ ಮೊದಲು ಮಾರಿ, ಕೊನೇ ದಿನ ಸೋಫಾ ಹಿಡ್ಕೊಂಡು ಲಿಫ್ಟ್ ಮುಂದೆ ನಿಂತಿರ್ತಾರೆ.

ಸ್ಕ್ರೂಡ್ರೈವರ್_ಸ್ವಾಮಿ
ಲೆಕ್ಕ ಚೆನ್ನಾಗಿದೆ, ಒಂದು ಕಡೆ ಮಾತ್ರ ಒಪ್ಪಲ್ಲ. ಅಂಗಡಿಯವರು ಇವತ್ತು ಹೇಳಿದ 5,500 ಕೊನೇ ದಿನಕ್ಕೆ ಇರಲ್ಲ. ನಾಳೆ ಬೆಳಿಗ್ಗೆ ವಿಮಾನ ಅಂತ ಗೊತ್ತಾದ ತಕ್ಷಣ "ಗ್ಯಾಸ್ಕೆಟ್ ಹೋಗಿದೆ, ಕೂಲಿಂಗ್ ಕಮ್ಮಿ" ಅಂತ ಶುರು ಮಾಡಿ 3,000ಕ್ಕೆ ತರ್ತಾರೆ. ಆಗ ತಳ ಎಲ್ಲಿ ಹಿಡಿದಿದೆ? ಒಳ್ಳೇ ಗಿರಾಕಿ ಸಿಕ್ಕಿದಾಗ ಫ್ರಿಜ್ ಕೊಟ್ಟುಬಿಡೋದೇ ಸರಿ.

ಹಳೇ_ಕಿಟಕಿ
ಹೊರಡೋ ದಿನ ಹೇಳಬೇಡಿ. ಅಂಗಡಿಯವರಿಗೆ ಹೇಳೋ ಕೊನೇ ದಿನ, ನಿಜವಾದ ಕೊನೇ ದಿನಕ್ಕಿಂತ ಐದು ದಿನ ಮುಂಚೆ ಇರಲಿ. ಅಷ್ಟು ದಿನ ಇದ್ರೆ ಇನ್ನೊಂದು ಅಂಗಡಿಗೆ ಫೋನ್ ಮಾಡೋಕಾಗುತ್ತೆ.

ಸ್ಕ್ರೂಡ್ರೈವರ್_ಸ್ವಾಮಿ
ಬಾಗಿಲಲ್ಲಿ ನಾಲ್ಕು ಸೂಟ್‌ಕೇಸ್ ನೋಡಿದ್ರೆ ಅವರಿಗೆ ಹೇಳೋದೇ ಬೇಕಿಲ್ಲ ಬಿಡಿ.

ಅಡುಗೆಮನೆ_ಅಜ್ಜಿ
ನೀವಿಬ್ಬರೂ ಜಗಳ ಆಡ್ತಿದೀರಿ, ಮಕ್ಕಳಿರೋ ಮನೆಯಲ್ಲಿ ಇಪ್ಪತ್ತು ದಿನ ಫ್ರಿಜ್ ಇಲ್ಲದೆ ಹಾಲು ಎಲ್ಲಿಡೋದು ಅಂತ ಯಾರೂ ಕೇಳಲಿಲ್ಲ. ಮಾರೋ ದಿನ ಬೇರೆ, ಒಯ್ಯೋ ದಿನ ಬೇರೆ ಮಾಡಿ. "ಇವತ್ತು ನೋಡಿ, ಕಾಲು ಭಾಗ ಮುಂಗಡ ಕೊಡಿ, 22ನೇ ದಿನ ಸಂಜೆ ಒಯ್ಯಿರಿ" ಅಂತ ಜಾಹೀರಾತಿನಲ್ಲೇ ಬರೀಬೇಕು ಕಣಪ್ಪಾ. ಕಾಯೋದಕ್ಕೆ 500 ರೂಪಾಯಿ ಬಿಟ್ಟುಕೊಡಿ, ಪರವಾಗಿಲ್ಲ. ಫ್ರಿಜ್, ವಾಷಿಂಗ್ ಮಷೀನ್, ಒಲೆ, ಹಾಸಿಗೆ ನಾಲ್ಕಕ್ಕೂ ಹೀಗೇ ಮಾಡಿ. ಬಾಕಿ ದುಡ್ಡು ಸಾಮಾನು ಬಾಗಿಲು ದಾಟೋ ಮೊದಲು ಬರಬೇಕು. ಮುಂಗಡ ಕೊಟ್ಟು ಬರದಿದ್ರೆ ಎಷ್ಟು ವಾಪಸ್ ಅನ್ನೋದನ್ನೂ ವಾಟ್ಸಾಪಲ್ಲಿ ಬರೆದುಕೊಳ್ಳಿ.

ಮೂರನೇ_ಮಹಡಿ
ಅಮ್ಮಾ, ಇದು ಬಹಳ ಉಪಯೋಗ ಆಯ್ತು. ಇನ್ನೊಂದು, ಒಬ್ಬರು ಫೋನ್ ಮಾಡಿ ಸೈನ್ಯದಲ್ಲಿದೀನಿ, ನೋಡೋದೇ ಬೇಡ, ಪೂರ್ತಿ 22,500 ಕಳಿಸ್ತೀನಿ ಸೋಫಾಗೆ ಅಂದ್ರು. ಕ್ಯೂಆರ್ ಕೋಡ್ ಕಳಿಸಿದಾರೆ, ಸ್ಕ್ಯಾನ್ ಮಾಡಿ ಪಿನ್ ಹಾಕಿದ್ರೆ ದುಡ್ಡು ಬರುತ್ತಂತೆ.

ಧಾರವಾಡ_ಫೇಡಾ
ಹಾಕಬ್ಯಾಡ್ರೀ! ರೊಕ್ಕ ಬರಾಕ ಪಿನ್ ಬೇಕಾಗೂದಿಲ್ಲ, ಹೋಗಾಕ ಅಷ್ಟ ಬೇಕು. ನೋಡಲಾರದ ಪೂರ್ತಿ ರೇಟಿಗೆ ಹ್ಞೂಂ ಅಂದ್ರ ಅಲ್ಲೇ ತಿಳ್ಕೋಬೇಕು.

ಕಡಲತಡಿ
ಯುಪಿಐಯಲ್ಲಿ ಹಣ ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ನಿಮ್ಮ ಕೋಡನ್ನು ಅವರು ಸ್ಕ್ಯಾನ್ ಮಾಡಬೇಕು, ಅವರದ್ದನ್ನು ನೀವಲ್ಲ. ಅಪ್ಪಿತಪ್ಪಿ ಹಣ ಹೋದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮೂರನೇ_ಮಹಡಿ
ಬ್ಲಾಕ್ ಮಾಡಿದೆ. ಸ್ವಾಮಿಯವರೇ, ವಾಷಿಂಗ್ ಮಷೀನ್‌ಗೆ ಎಷ್ಟು?

ಸ್ಕ್ರೂಡ್ರೈವರ್_ಸ್ವಾಮಿ
ಮೊದಲು ಒಂದು ಪರೀಕ್ಷೆ ಮಾಡಿ ಹೇಳಿ. ಮಷೀನ್ ಆಫ್ ಮಾಡಿ ಬಾಗಿಲು ತೆಗೀರಿ. ಡ್ರಮ್ಮಿನ ಬಾಯಿಯ ಮೇಲಿನ ಅಂಚನ್ನ ಒಳಗಿಂದ ಹಿಡಿದು ಮೇಲಕ್ಕೆತ್ತಿ. ಹೊರಗಿನ ತೊಟ್ಟಿಯ ಸಮೇತ ಮೆತ್ತಗೆ ಮೇಲೆ ಬಂದ್ರೆ ಸರಿ, ಅದು ಸ್ಪ್ರಿಂಗು. ಡ್ರಮ್ ಒಂದೇ ಒಳಗೆ ಕಟಕ್ ಅಂತ ಅಲ್ಲಾಡಿದ್ರೆ ಬೇರಿಂಗ್ ಹೋಗ್ತಿದೆ. ಆಮೇಲೆ ಕೈಯಲ್ಲೇ ಜೋರಾಗಿ ತಿರುಗಿಸಿ ಕಿವಿ ಕೊಡಿ. ಗರಗರ ಅಂದ್ರೂ ಅದೇ ಕಾಯಿಲೆ. ಎಷ್ಟೋ ಮಾಡಲ್‌ಗಳಲ್ಲಿ ತೊಟ್ಟಿಯನ್ನ ಅಂಟಿಸಿ ಮುಚ್ಚಿರ್ತಾರೆ. ಬೇರಿಂಗ್ ಒಂದನ್ನೇ ಹಾಕೋಕಾಗಲ್ಲ, ತೊಟ್ಟಿ ಪೂರ್ತಿ ಬದಲಾಯಿಸಬೇಕು, ಆ ಖರ್ಚಿಗೆ ಯಾರೂ ಕೈ ಹಾಕಲ್ಲ. ಹಾಗಿದ್ರೆ ಅಂಗಡಿಯ 5,000ಕ್ಕೆ ಕಣ್ಮುಚ್ಚಿ ಕೊಡಿ.

ಸದ್ದಿಲ್ಲ ಅಂದ್ರೆ: ಹೊಸದು 29,000, ಅದರ 40% 11,600. ಟೆಂಪೋ 1,000, ಪ್ಲಂಬರ್ 500 ಕಳೀರಿ. ಗಿರಾಕಿ ಬೇರಿಂಗ್ ಭಯಕ್ಕೆ ಅಂತ ಇನ್ನೊಂದು 1,500 ಕಳೀತಾರೆ, ಅದನ್ನ ತಪ್ಪಿಸೋಕಾಗಲ್ಲ. 8,600. ಬೋರ್‌ವೆಲ್ ನೀರಲ್ಲಿ ಓಡಿಸಿದ್ರೆ ಹೀಟರ್‌ಗೆ ಸುಣ್ಣ ಕಟ್ಟಿರುತ್ತೆ, ಕೇಳಿದ್ರೆ ಮುಚ್ಚಿಡಬೇಡಿ.

ಇನ್ನೊಂದು, ಹಿಂಭಾಗದಲ್ಲಿ ಮೊದಲು ಬಂದಿದ್ದ ಉದ್ದ ಬೋಲ್ಟುಗಳು ಇದೆಯಾ? ಸಾಗಿಸೋವಾಗ ಡ್ರಮ್ ಕುಣೀದಂತೆ ಹಿಡಿಯೋದು ಅವೇ. ಇಲ್ಲದೆ ಟೆಂಪೋಗೆ ಹಾಕಿದ್ರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಹಾಳಾಗುತ್ತೆ. ಆ ಮನೇಲಿ ಮೊದಲ ಸ್ಪಿನ್‌ಗೇ ಮಷೀನ್ ನಡೆದಾಡುತ್ತೆ, ಫೋನ್ ನಿಮಗೆ ಬರುತ್ತೆ.

ಮೂರನೇ_ಮಹಡಿ
ಎತ್ತಿ ನೋಡಿದೆ, ತೊಟ್ಟಿ ಸಮೇತ ಬರುತ್ತೆ, ಸದ್ದಿಲ್ಲ. ಬೋಲ್ಟ್ ನಾಲ್ಕರಲ್ಲಿ ಮೂರು ಸಿಕ್ತು, ಸ್ಕ್ರೂ ಡಬ್ಬಿಯಲ್ಲಿತ್ತು.

ಸ್ಕ್ರೂಡ್ರೈವರ್_ಸ್ವಾಮಿ
ಇನ್ನೊಂದನ್ನ ಸರ್ವಿಸ್ ಸೆಂಟರ್‌ನಲ್ಲಿ ಮಾಡಲ್ ನಂಬರ್ ಹೇಳಿ ತರಿಸಿ. ಒಯ್ಯೋ ಮುಂಚೆ ಕೆಳಗಿನ ಪುಟ್ಟ ಮುಚ್ಚಳ ತೆಗೆದು ಫಿಲ್ಟರ್ ಬಿಚ್ಚಿ, ಎರಡು ಲೀಟರ್ ನೀರಾದ್ರೂ ಬರುತ್ತೆ. ತಟ್ಟೆ ಇಟ್ಕೊಳ್ಳಿ.

ಅಡುಗೆಮನೆ_ಅಜ್ಜಿ
ಫ್ರಿಜ್ ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಎಳೆದು ನೋಡಿ. ಬಿಗಿಯಾಗಿ ಬಂದ್ರೆ ರಬ್ಬರ್ ಚೆನ್ನಾಗಿದೆ. ಸಡಿಲ ಇದ್ರೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಎಷ್ಟೋ ಸಲ ಜಿಡ್ಡು ಹೋದ್ರೆ ಸರಿ ಹೋಗುತ್ತೆ. ಒಯ್ಯೋ ಹಿಂದಿನ ದಿನ ಆಫ್ ಮಾಡಿ ಒಣಗಿಸಿ, ನಿಲ್ಲಿಸಿಕೊಂಡೇ ಒಯ್ಯೋಕೆ ಹೇಳಿ. ಮಲಗಿಸಿ ಒಯ್ದಿದ್ರೆ ನಿಲ್ಲಿಸಿ ಅರ್ಧ ದಿನ ಬಿಟ್ಟು ಆನ್ ಮಾಡಬೇಕು.

ಸ್ಕ್ರೂಡ್ರೈವರ್_ಸ್ವಾಮಿ
ಅಜ್ಜಿ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಫ್ರೀಜರ್ ಒಳಗೆ ಹಿಂದಿನ ಗೋಡೆಗೆ ಮಂಜು ದಪ್ಪಗೆ ಕಟ್ಟಿದ್ರೆ ಅದು ಫ್ರಾಸ್ಟ್ ಫ್ರೀ ಫ್ರಿಜ್ ಮಾಡಬಾರದ ಕೆಲಸ. ಮಂಜು ಕರಗಿಸೋ ಹೀಟರೋ ಸೆನ್ಸಾರೋ ಕೈಕೊಟ್ಟಿದೆ. ಗೊತ್ತಿರೋ ಗಿರಾಕಿ ಮೊದಲು ನೋಡೋದೇ ಅದು.

ಲೆಕ್ಕದ_ಮೇಷ್ಟ್ರು
ಮಾರಿದ ದುಡ್ಡಿಗೆ ತೆರಿಗೆ ಕಟ್ಟಬೇಕಾ ಅಂತ ಯಾರೂ ಕೇಳಲಿಲ್ಲ, ಆದ್ರೂ ಹೇಳ್ತೀನಿ: ಮನೆಬಳಕೆಯ ಮಂಚ, ಫ್ರಿಜ್ ಬಂಡವಾಳ ಆಸ್ತಿ ಅಲ್ಲ, ಹಾಗಾಗಿ ಲಾಭದ ತೆರಿಗೆ ಇಲ್ಲ. ಒಡವೆ, ಚಿತ್ರಕಲೆ ಮಾರಿದ್ರೆ ಮಾತ್ರ ಲೆಕ್ಕ ಬೇರೆ.

ಧಾರವಾಡ_ಫೇಡಾ
ಮೇಷ್ಟ್ರು ಈ ಸಲ ಬರೋಬ್ಬರಿ ಹೇಳಿದ್ರು ನೋಡ್ರಿ.

ಚಿಕ್ಕಪೇಟೆ_ಸ್ಪಾನರ್
ಎಸಿ ಬಿಚ್ಚೋ ಕೆಲಸ ಹಗುರ ಮಾಡಬೇಡಿ. ಬಿಚ್ಚೋರು ಮೊದಲು ಗ್ಯಾಸನ್ನ ಹೊರಗಿನ ಯೂನಿಟ್ಟಿಗೆ ಎಳ್ಕೋಬೇಕು. ಎಸಿ ಕೂಲಿಂಗ್‌ನಲ್ಲಿ ಓಡ್ತಿರೋವಾಗಲೇ ಸಣ್ಣ ಪೈಪಿನ ವಾಲ್ವನ್ನ ಅಲೆನ್ ಕೀಯಿಂದ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ದಪ್ಪ ಪೈಪಿನದು ಮುಚ್ಚಿ, ಆ ಕೂಡಲೇ ಆಫ್ ಮಾಡ್ತಾರೆ. ಇದು ಬಿಟ್ಟು ನೇರ ಸ್ಪ್ಯಾನರ್ ಹಾಕಿ ನಟ್ಟು ಸಡಿಲಿಸಿ "ಸ್ಸ್" ಅಂತ ಬಿಟ್ರೆ ಗ್ಯಾಸ್ ಪೂರ್ತಿ ಗಾಳಿಗೆ. ಮತ್ತೆ ತುಂಬಿಸೋಕೆ ಎರಡೂವರೆ ಸಾವಿರ, ಅದನ್ನ ಗಿರಾಕಿ ನಿಮ್ಮ ರೇಟಲ್ಲೇ ಮುರ್ಕೋತಾರೆ. ಅದಕ್ಕೇ ಗಿರಾಕಿ ಎದುರಿಗೆ ಓಡಿಸಿ ತೋರಿಸಿ, ದುಡ್ಡು ತಗೊಂಡು, ಬಿಚ್ಚೋ ಜನ ಅವರೇ ತರಲಿ.

ಸ್ಟಾರ್ ಸ್ಟಿಕ್ಕರ್ ಮೇಲೆ ಅವಧಿ ಅಂತ ಹಾಕಿರುತ್ತೆ, ಅದರ ಫೋಟೋ ಹಾಕಿ. ಸ್ಟಾರ್ ಮಟ್ಟವನ್ನ ಆಗಾಗ ಬಿಗಿ ಮಾಡ್ತಾರೆ. ಅವತ್ತಿನ 5 ಸ್ಟಾರನ್ನ ಇವತ್ತಿನ 5 ಸ್ಟಾರ್ ಜೊತೆ ಹೋಲಿಸಿ ರೇಟು ಕೇಳಿದ್ರೆ ಗೊತ್ತಿರೋರು ನಗ್ತಾರೆ.

ಜಯನಗರ_4ನೇ_ಬ್ಲಾಕ್
ಅಮೆರಿಕಕ್ಕೆ ಹೋಗೋರಾದ್ರೆ ಮಿಕ್ಸಿ ಒಯ್ಯಬೇಡಿ, ಅಲ್ಲಿ 120 ವೋಲ್ಟು.

ಅಡುಗೆಮನೆ_ಅಜ್ಜಿ
ಅವರು ಹೋಗ್ತಿರೋದು ಜರ್ಮನಿಗೆ. ಅಲ್ಲಿ ನಮ್ಮ ಹಾಗೇ 230 ವೋಲ್ಟು, 50 ಹರ್ಟ್ಸು. ಪ್ಲಗ್ ಬದಲಾಯಿಸಿದ್ರೆ ಮಿಕ್ಸಿ ಓಡುತ್ತೆ. ಎರಡು ಸಾವಿರಕ್ಕೆ ಮಿಕ್ಸಿ ಮಾರಿ ಅಲ್ಲಿ ಚಟ್ನಿ ಇಲ್ಲದೆ ಕೂರಬೇಡಿ.

ಮೂರನೇ_ಮಹಡಿ
ಮಿಕ್ಸಿ ಮಾರಲ್ಲ, ಮನೆಯವರ ಕಟ್ಟಪ್ಪಣೆ ಆಗಿದೆ. ಈಗ ಮಂಚ. ಅಂಗಡಿಯವರು 9,000 ಅಂದ್ರಲ್ಲ, ಅದು ಸರೀನಾ?

ಹಳೇ_ಕಿಟಕಿ
ತೇಗಕ್ಕೆ ವರ್ಷದ ಲೆಕ್ಕ ಇಲ್ಲ. ಆಚಾರಿಯನ್ನ ಕರೆಸಿ, ಇದೇ ಮಂಚ ಇವತ್ತು ಮಾಡಿದ್ರೆ ಮರ ಎಷ್ಟು ಅಡಿ ಬೇಕು, ಕೂಲಿ ಎಷ್ಟು ಅಂತ ಕೇಳಿ. ಕೂಲಿ ನಿಮಗೆ ಬರಲ್ಲ, ಮರದ ಬೆಲೆಯ ಅಕ್ಕಪಕ್ಕದಿಂದ ಮಾತು ಶುರು ಮಾಡಿ. ಅದು ತೇಗವೇ ಅಂತ ಗಿರಾಕಿಗೆ ತೋರಿಸೋಕೆ ಹಲಗೆಯ ಕೆಳಭಾಗ, ಪಾಲಿಶ್ ಕಾಣದ ಜಾಗದ ಫೋಟೋ ಹಾಕಿ. ಎಷ್ಟೋ ಮಂಚಗಳಲ್ಲಿ ತಲೆಕಡೆ ತೇಗ, ಕೆಳಗಿನ ಹಲಗೆ ಪ್ಲೈವುಡ್ ಇರುತ್ತೆ. ಇದ್ರೆ ಹೇಳಿಬಿಡಿ. ಆಚಾರಿ 22,000 ಮರ ಅಂದ್ರೆ 18,000 ಹಾಕಿ, 16,000ಕ್ಕೆ ಬಿಡಿ. ಇದಕ್ಕೆ 15% ಇಳಿಸೋ ಆಟ ಬೇಡ. ಬೇಕಾದವರು ಬರೋಕೆ ಹತ್ತು ದಿನ ಹಿಡಿಯುತ್ತೆ, ಬಂದ ಮೇಲೆ ಜಾಸ್ತಿ ಚೌಕಾಸಿ ಮಾಡಲ್ಲ.

ವಾರ್ಡ್‌ರೋಬ್ ಪೂರ್ತಿ ಬೇರೆ ಜಾತಿ. ಪಾರ್ಟಿಕಲ್ ಬೋರ್ಡ್ ಒಂದು ಸಲ ಬಿಚ್ಚಿದ್ರೆ ಸ್ಕ್ರೂ ತೂತು ಪುಡಿಪುಡಿ ಆಗಿ ಮತ್ತೆ ಬಿಗಿ ಹಿಡಿಯಲ್ಲ. ಕೆಳಗಿನ ಅಂಚು ನೆಲ ಒರೆಸೋ ನೀರು ಕುಡಿದು ಉಬ್ಬಿದೆಯಾ ನೋಡಿ. ಬಿಚ್ಚಿ ಜೋಡಿಸೋಕೆ ಆಚಾರಿ 2,000 ಕೇಳ್ತಾರೆ. ಅದಕ್ಕೇ ಅಂಗಡಿಯವರು ಸೊನ್ನೆ ಅಂದಿದ್ದು. ಇದು ಬೆಲೆ ಬಾಳೋದು ನಿಮ್ಮದೇ ಅಪಾರ್ಟ್‌ಮೆಂಟಲ್ಲಿ, ಬಿಚ್ಚದೆ ತಳ್ಳಿಕೊಂಡು ಹೋಗೋರಿಗೆ ಮಾತ್ರ. ಲಿಫ್ಟ್ ಬಾಗಿಲ ಎತ್ತರ ಅಳೆದು, ಅಪಾರ್ಟ್‌ಮೆಂಟ್ ಗುಂಪಲ್ಲಿ 4,000 ಅಂತ ಹಾಕಿ.

ಚಿಕ್ಕಪೇಟೆ_ಸ್ಪಾನರ್
ಬ್ಯಾಟರಿ ಮರೀಬೇಡಿ. ಸತ್ತ ಬ್ಯಾಟರಿಗೂ ಸೀಸದ ಬೆಲೆ ಇದೆ. ಬ್ಯಾಟರಿ ಅಂಗಡಿಗೆ ಫೋನ್ ಮಾಡಿ "150 ಎಎಚ್ ಹಳೇದು ಕೊಟ್ರೆ ಎಷ್ಟು" ಅಂತ ಕೇಳಿ, ಅದಕ್ಕಿಂತ ಕೆಳಗೆ ಇಳೀಬೇಡಿ. ಫುಲ್ ಚಾರ್ಜ್ ಮಾಡಿ, ಮೇನ್ ಆಫ್ ಮಾಡಿ, ಎರಡು ಫ್ಯಾನು ನಾಲ್ಕು ಲೈಟು ಎರಡು ಗಂಟೆ ಓಡಿಸಿದ ವಿಡಿಯೋ ತೋರಿಸಿದ್ರೆ ಯುಪಿಎಸ್ ಸೇರಿ 6,000 ಆರಾಮಾಗಿ ಬರುತ್ತೆ.

ಮೂರನೇ_ಮಹಡಿ
9 ದಿನ ಆದಮೇಲೆ ಬರೀತಿದೀನಿ. ಎಸಿ ಓನರ್ 16,000ಕ್ಕೆ ಇಟ್ಕೊಂಡ್ರು, ಅಡ್ವಾನ್ಸ್ ವಾಪಸ್ ಕೊಡೋವಾಗ ಸೇರಿಸಿ ಕೊಡ್ತಾರಂತೆ. ಸೋಫಾ ಎರಡು ಸಲ ಇಳಿಸಿ 7,000ಕ್ಕೆ ಹೋಯ್ತು. ಫ್ರಿಜ್ 7,500, ಮುಂಗಡ 2,000 ಬಂತು, ಒಯ್ಯೋದು 22ನೇ ದಿನ. ಯುಪಿಎಸ್ 6,000. ವಾಷಿಂಗ್ ಮಷೀನ್ ನೋಡೋಕೆ ಇಬ್ಬರು ಬಂದ್ರು, ಒಬ್ಬರು ನಿಜವಾಗ್ಲೂ ಡ್ರಮ್ ಎತ್ತಿ ನೋಡಿದ್ರು! 8,000 ಅಂದಿದಾರೆ. ವಾರ್ಡ್‌ರೋಬ್ 2,500ಕ್ಕೆ ಇಳಿಸಿದ್ರೂ ಯಾರೂ ಇಲ್ಲ. ಮಂಚಕ್ಕೆ ಒಬ್ಬರು 12,000 ಅಂದ್ರು, ಕೊಡಲಿಲ್ಲ.

ಕಡಲತಡಿ
ಓನರ್ ಹೇಳಿದ್ದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ ಮಾರಾಯ್ರೆ. ಅಡ್ವಾನ್ಸಿನಲ್ಲಿ ಪೈಂಟಿಂಗ್ ಖರ್ಚು ಕಳೆಯುವಾಗ ಎಸಿ ಮರೆತುಹೋಗುವುದು ಉಂಟು.

ಹಳೇ_ಕಿಟಕಿ
ವಾರ್ಡ್‌ರೋಬ್‌ಗೆ ಇನ್ನು ರೇಟು ಬೇಡ. "ಉಚಿತ, ನೀವೇ ಜನ ತಂದು ಶನಿವಾರದೊಳಗೆ ಒಯ್ಯಬೇಕು" ಅಂತ ಹಾಕಿ. ಉಳಿದ್ರೆ ಎತ್ತಿಸೋಕೆ ನೀವೇ ದುಡ್ಡು ಕೊಡಬೇಕಾಗುತ್ತೆ.

ಸ್ಕ್ರೂಡ್ರೈವರ್_ಸ್ವಾಮಿ
ಮಂಚ 12,000 ಬಂದಾಗ ಕೊಡಬೇಕಿತ್ತು ಅಂತ ನನ್ನ ಮಾತು.

ಹಳೇ_ಕಿಟಕಿ
ಇನ್ನೂ 17 ದಿನ ಇದೆ ಸ್ವಾಮಿ. ಅಂಗಡಿ 9,000 ಇದ್ದೇ ಇದೆ.

ವಿಜಯನಗರ_ವಠಾರ
ಮಂಚ ನೋಡಿದೆ, ನನಗೆ ಬೇಕು. ಹಾಸಿಗೆ ಕೂರೋ ಒಳ ಅಳತೆ ಎಷ್ಟು? ನಮ್ಮದು 78×60 ಇಂಚಿನ ಹಾಸಿಗೆ, 75 ಆದ್ರೆ ಮೂರು ಇಂಚು ಮೇಲೇಳುತ್ತೆ.

ಮೂರನೇ_ಮಹಡಿ
ಈಗಷ್ಟೇ ಟೇಪ್ ಹಿಡಿದೆ: 78 ಮುಕ್ಕಾಲು × 60 ಕಾಲು. 16,000.

ವಿಜಯನಗರ_ವಠಾರ
15,000 ಮಾಡ್ಕೊಳ್ಳಿ, ಭಾನುವಾರ ಬೆಳಿಗ್ಗೆ ಟೆಂಪೋ ತರ್ತೀನಿ.

ಮೂರನೇ_ಮಹಡಿ
ಆಯ್ತು, 15,000. ಆದ್ರೆ ಭಾನುವಾರ ನಮ್ಮಲ್ಲಿ ಲಿಫ್ಟಲ್ಲಿ ಸಾಮಾನು ಬಿಡಲ್ಲ, ಗೇಟ್ ಪಾಸೂ ಕೊಡಲ್ಲ. ಶನಿವಾರ 11 ಗಂಟೆಗೆ ಬನ್ನಿ. ವಾರ್ಡ್‌ರೋಬ್ ಬೇಕಾ? ಉಚಿತ.

ವಿಜಯನಗರ_ವಠಾರ
ಫೋಟೋ ಕಳಿಸಿ, ಕೆಳಗಿನ ಅಂಚಿನದು.